ಮುಳುಗಿದ ಸಾಲ, ಮರಳಿ ಬಂದ ಹಣ, ಶೇಕಡಾವಾರು ನಿಧಿ: ಲೆಕ್ಕ ಬರೆಯುವವರ ಮೊದಲ ಪ್ರಶ್ನೆಗಳು

ಮಾರ್ಚ್ 31ರಂದು ಪುಸ್ತಕ ಮುಗಿಸುವಾಗ ವ್ಯಾಪಾರಿಯೊಬ್ಬರ ಬಾಕಿದಾರರ ಪಟ್ಟಿ ಎಂಟು ಲಕ್ಷ ರೂಪಾಯಿ ತೋರಿಸಿತೆಂದರೆ ಆ ಎಂಟು ಲಕ್ಷವೂ ಕೈಸೇರುವುದೆಂದು ಅರ್ಥವಲ್ಲ. ಆದರೆ ಉದ್ರಿ ಕೊಟ್ಟ ಸರಕಿನ ಬೆಲೆಯಷ್ಟೂ ಮಾರಾಟವೆಂದು ಆಗಲೇ ಲೆಕ್ಕಕ್ಕೆ ಸೇರಿದೆ. ಅದರ ಮೇಲಿನ ಲಾಭವೂ ಬಂದಿದೆಯೆಂದೇ ಪುಸ್ತಕ ಹೇಳುತ್ತದೆ. ಆ ಲಾಭವನ್ನು ನಂಬಿ ಮಾಲೀಕರು ಮನೆವೆಚ್ಚಕ್ಕೆ ಹಣ ತೆಗೆಯುತ್ತಾರೆ, ಪಾಲುದಾರರು ಹಂಚಿಕೊಳ್ಳುತ್ತಾರೆ, ಬ್ಯಾಂಕು ಸಾಲದ ಮಿತಿಯನ್ನು ನಿರ್ಧರಿಸುತ್ತದೆ. ಬಾರದ ಹಣದ ಲಾಭವನ್ನು ಹಂಚಿಕೊಂಡವರು ವಾಸ್ತವದಲ್ಲಿ ತಮ್ಮ ಬಂಡವಾಳವನ್ನೇ ಕರಗಿಸಿಕೊಂಡಿರುತ್ತಾರೆ.

ಇದನ್ನು ತಡೆಯಲು ಲೆಕ್ಕಶಾಸ್ತ್ರದಲ್ಲಿ ಮೂರು ಬಗೆಯ ನಮೂದುಗಳಿವೆ. ಬಾರದೆಂದು ಖಚಿತವಾದ ಸಾಲವನ್ನು ವಜಾ ಮಾಡುವುದು ಮೊದಲನೆಯದು. ಬಾರದೇ ಹೋಗಬಹುದಾದ ಸಾಲಕ್ಕೆಂದು ಒಂದು ಅಂದಾಜು ಮೊತ್ತವನ್ನು ಲಾಭದಿಂದ ಬೇರ್ಪಡಿಸುವುದು ಎರಡನೆಯದು. ಹಿಂದೆ ವಜಾ ಮಾಡಿದ್ದ ಹಣ ಅನಿರೀಕ್ಷಿತವಾಗಿ ಬಂದಾಗ ಅದನ್ನು ಬರೆದುಕೊಳ್ಳುವುದು ಮೂರನೆಯದು. ಇವುಗಳಲ್ಲಿ ಒಂದೊಂದೂ ಕಠಿಣವಲ್ಲ. ಹೊಸದಾಗಿ ಲೆಕ್ಕ ಬರೆಯುವವರು ಎಡವುವುದು ಮೂರೂ ಒಂದೇ ವರ್ಷದಲ್ಲಿ ಒಟ್ಟಿಗೆ ಬಂದಾಗ. ಅಂಥವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು, ಕಲ್ಪಿತ ವಿದ್ಯುತ್ ಸಾಮಗ್ರಿ ಸಗಟು ಅಂಗಡಿಯೊಂದರ ಮೂರು ವರ್ಷಗಳ ಲೆಕ್ಕದ ಮೂಲಕ ಇಲ್ಲಿ ಬಿಡಿಸಿ ನೋಡಲಾಗಿದೆ.

ಸಾಲ ಮುಳುಗಿತೆಂದು ಬರೆಯುವುದು ಯಾವಾಗ, ಹೇಗೆ?

2023ರ ಮಾರ್ಚ್ 31ರಂದು ಈ ಅಂಗಡಿಗೆ ಬರಬೇಕಾದ ಒಟ್ಟು ಬಾಕಿ ರೂ. 8,23,600. ಇದರಲ್ಲಿ ರೂ. 23,600 ಒಬ್ಬ ಚಿಲ್ಲರೆ ವ್ಯಾಪಾರಿಯದು. ಆತ ಅಂಗಡಿ ಮುಚ್ಚಿ ಊರು ಬಿಟ್ಟು ಹತ್ತು ತಿಂಗಳಾಗಿವೆ. ಕಳುಹಿಸಿದ ನೋಟೀಸು ವಿಳಾಸದಾರರಿಲ್ಲವೆಂಬ ಷರಾದೊಂದಿಗೆ ಹಿಂದಿರುಗಿದೆ. ಇನ್ನು ಈ ಹಣ ಬಾರದೆಂದು ಮಾಲೀಕರು ತೀರ್ಮಾನಿಸುತ್ತಾರೆ. ಆಗ ಬರೆಯಬೇಕಾದ ನಮೂದು ಹೀಗಿರುತ್ತದೆ:

ಮುಳುಗಿದ ಸಾಲ ಖಾತೆ, ಖರ್ಚು ಬದಿ: ರೂ. 23,600
ಬಾಕಿದಾರನ ಖಾತೆ, ಜಮಾ ಬದಿ: ರೂ. 23,600

ಇದರಿಂದ ಬಾಕಿದಾರನ ಖಾತೆ ಮುಗಿದು ಶೂನ್ಯವಾಗುತ್ತದೆ. ಒಟ್ಟು ಬಾಕಿ ರೂ. 8,00,000ಕ್ಕೆ ಇಳಿಯುತ್ತದೆ. ಮುಳುಗಿದ ಸಾಲ ಖಾತೆಯ ರೂ. 23,600 ವರ್ಷಾಂತ್ಯದಲ್ಲಿ ಲಾಭ-ನಷ್ಟ ಖಾತೆಯ ಖರ್ಚು ಬದಿಗೆ ಹೋಗುತ್ತದೆ. ಮಾರಾಟ ಖಾತೆಯನ್ನು ಇಲ್ಲಿ ಮುಟ್ಟಬಾರದು. ಸರಕು ಮಾರಾಟವಾದದ್ದು ನಿಜ, ಹಣ ಬಾರದಿದ್ದುದು ಇನ್ನೊಂದು ಘಟನೆ. ಮಾರಾಟದಲ್ಲೇ ಕಳೆದುಬಿಟ್ಟರೆ ಮಾರಾಟದ ಅಂಕಿ ತೆರಿಗೆ ವಿವರಪಟ್ಟಿಗಳೊಡನೆ ತಾಳೆಯಾಗುವುದಿಲ್ಲ. ಉದ್ರಿಯಿಂದ ಎಷ್ಟು ಕಳೆದುಕೊಂಡೆವೆಂಬುದೂ ಪುಸ್ತಕದಲ್ಲಿ ಕಾಣುವುದಿಲ್ಲ.

ಇಲ್ಲಿ ಏಳುವ ಒಂದು ಅನುಮಾನವನ್ನು ಪರಿಹರಿಸಿಕೊಳ್ಳಬೇಕು. ವಜಾ ಮಾಡುವುದೆಂದರೆ ಸಾಲ ಮನ್ನಾ ಮಾಡುವುದಲ್ಲ. ವಜಾ ಎಂಬುದು ವ್ಯಾಪಾರಿ ತನ್ನ ಪುಸ್ತಕದಲ್ಲಿ ತನಗಾಗಿ ಬರೆದುಕೊಂಡ ನಮೂದು. ಬಾಕಿದಾರನ ಹೊಣೆ ಅದರಿಂದ ಕಡಿಮೆಯಾಗುವುದಿಲ್ಲ. ಸರಕು ಮಾರಾಟದ ಹಣಕ್ಕಾಗಿ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಸಾಮಾನ್ಯವಾಗಿ ಮೂರು ವರ್ಷಗಳ ಅವಧಿ ಕೊಡುತ್ತದೆ. ಆ ಅವಧಿ ಮುಗಿಯುವುದರೊಳಗೆ ಬಾಕಿದಾರನು ತನ್ನ ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಮಾಡಿಕೊಟ್ಟರೆ, ಸಹಿ ಹಾಕಿದ ದಿನದಿಂದ ಹೊಸದಾಗಿ ಅವಧಿ ಆರಂಭವಾಗುತ್ತದೆ. ಆದುದರಿಂದ ವಜಾ ಮಾಡಿದ ಸಾಲಗಳಿಗೆಂದು ಪ್ರತ್ಯೇಕ ನೋಟ್ ಪುಸ್ತಕವೊಂದನ್ನಿಟ್ಟು ಹೆಸರು, ಬಿಲ್ಲಿನ ಸಂಖ್ಯೆ, ದಿನಾಂಕ, ಮೊತ್ತ ಹಾಗೂ ವಜಾ ಮಾಡಿದ ವರ್ಷವನ್ನು ಬರೆದಿಡುವುದು ಒಳಿತು. ಎರಡು ವರ್ಷಗಳ ನಂತರ ಈ ಅಂಗಡಿಗೆ ಆ ಪುಸ್ತಕವೇ ನೆರವಿಗೆ ಬರಲಿದೆ.

ನಿಧಿಯೆಂದರೆ ಬ್ಯಾಂಕಿನಲ್ಲಿ ಎತ್ತಿಟ್ಟ ಹಣವೇ?

ಅಲ್ಲ. ಹೆಸರೇ ಹಲವರನ್ನು ದಾರಿ ತಪ್ಪಿಸುತ್ತದೆ. ಸಂಶಯಾಸ್ಪದ ಸಾಲ ನಿಧಿ ಎಂದು ಪಠ್ಯಗಳು ಕರೆಯುವುದನ್ನು ಲೆಕ್ಕಪರಿಶೋಧಕರು ಮಾತಿನಲ್ಲಿ ಪ್ರಾವಿಜನ್ ಎನ್ನುತ್ತಾರೆ. ಇದಕ್ಕಾಗಿ ಒಂದು ರೂಪಾಯಿಯೂ ಬ್ಯಾಂಕ್ ಖಾತೆಯಿಂದ ಹೊರಗೆ ಹೋಗುವುದಿಲ್ಲ, ಒಳಗೂ ಬರುವುದಿಲ್ಲ. ಇದು ಬಾಕಿಯ ಮೊತ್ತದಲ್ಲಿ ಎಷ್ಟನ್ನು ನಂಬಬಾರದೆಂದು ಹೇಳುವ ಅಂಕಿ ಮಾತ್ರ.

ಉಳಿದ ರೂ. 8,00,000ದಲ್ಲಿ ಯಾವ ಗಿರಾಕಿ ಕೈಕೊಡುವನೆಂದು ಇಂದು ಹೇಳಲಾಗದು. ಆದರೆ ಹಿಂದಿನ ವರ್ಷಗಳ ಅನುಭವದಿಂದ ನೂರಕ್ಕೆ ಐದು ರೂಪಾಯಿ ಬಾರದೆಂದು ಮಾಲೀಕರು ಬಲ್ಲರು. ಈ ನಷ್ಟಕ್ಕೆ ಕಾರಣವಾದ ಮಾರಾಟ ಈ ವರ್ಷದ್ದು. ಅದರ ಲಾಭವನ್ನು ಈ ವರ್ಷ ತೋರಿಸಿ, ನಷ್ಟವನ್ನು ಮುಂದಿನ ವರ್ಷಕ್ಕೆ ತಳ್ಳುವುದು ಸರಿಯಲ್ಲ. ಆದ್ದರಿಂದ ರೂ. 8,00,000ದ ಶೇ. 5, ಅಂದರೆ ರೂ. 40,000 ನಿಧಿಗೆ ಸೇರಬೇಕು:

ಲಾಭ-ನಷ್ಟ ಖಾತೆ, ಖರ್ಚು ಬದಿ: ರೂ. 40,000
ಸಂಶಯಾಸ್ಪದ ಸಾಲ ನಿಧಿ ಖಾತೆ, ಜಮಾ ಬದಿ: ರೂ. 40,000

ಈ ನಮೂದಿನಲ್ಲಿ ಯಾವೊಬ್ಬ ಬಾಕಿದಾರನ ಖಾತೆಯೂ ಇಲ್ಲವೆಂಬುದನ್ನು ಗಮನಿಸಬೇಕು. ವಜಾ ಮತ್ತು ನಿಧಿಗಳ ನಡುವಿನ ಮುಖ್ಯ ವ್ಯತ್ಯಾಸ ಇದೇ ಆಗಿದೆ. ವಜಾ ಆದಾಗ ಗೊತ್ತಾದ ಒಬ್ಬ ಬಾಕಿದಾರನ ಖಾತೆ ಮುಚ್ಚುತ್ತದೆ. ನಿಧಿ ಮಾಡಿದಾಗ ಎಲ್ಲರ ಖಾತೆಗಳೂ ಹಾಗೆಯೇ ಇರುತ್ತವೆ, ಎಲ್ಲರಿಂದಲೂ ಪೂರ್ತಿ ಹಣ ಕೇಳುವುದು ಮುಂದುವರಿಯುತ್ತದೆ. ಅಢಾವೆ ಪತ್ರಿಕೆಯಲ್ಲಿ ಮಾತ್ರ ಬಾಕಿದಾರರು ರೂ. 8,00,000 ಎಂದು ಬರೆದು, ಅದರಿಂದ ನಿಧಿ ರೂ. 40,000 ಕಳೆದು, ರೂ. 7,60,000 ಎಂದು ತೋರಿಸಲಾಗುತ್ತದೆ. ಮೊದಲ ವರ್ಷ ಲಾಭದಿಂದ ಹೋದ ಒಟ್ಟು ಮೊತ್ತ ರೂ. 23,600 ಮತ್ತು ರೂ. 40,000, ಕೂಡಿ ರೂ. 63,600.

ಎರಡನೆಯ ವರ್ಷ ಪೂರ್ತಿ ನಿಧಿಯನ್ನು ಮತ್ತೆ ಖರ್ಚು ಬರೆಯಬೇಕೇ?

ಹೊಸಬರ ತಪ್ಪುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ. 2024ರ ಮಾರ್ಚ್ 31ರ ತಾಳೆಪಟ್ಟಿಯಲ್ಲಿ ಮೂರು ಅಂಕಿಗಳಿವೆ: ಬಾಕಿದಾರರು ರೂ. 9,12,000, ಮುಳುಗಿದ ಸಾಲ ರೂ. 18,000, ಕಳೆದ ವರ್ಷದಿಂದ ಬಂದ ನಿಧಿ ರೂ. 40,000. ತಾಳೆಪಟ್ಟಿ ಸಿದ್ಧವಾದ ನಂತರ ಇನ್ನೊಬ್ಬ ಗಿರಾಕಿಯ ರೂ. 12,000 ಬಾರದೆಂದು ಖಚಿತವಾಗುತ್ತದೆ. ಅದನ್ನೂ ವಜಾ ಮಾಡಬೇಕು. ನಿಧಿಯನ್ನು ಎಂದಿನಂತೆ ಬಾಕಿಯ ಶೇ. 5ಕ್ಕೆ ತರಬೇಕು.

ಮೊದಲ ಪ್ರಶ್ನೆ, ಶೇ. 5 ಯಾವ ಮೊತ್ತದ ಮೇಲೆ? ತಾಳೆಪಟ್ಟಿಯಲ್ಲಿರುವ ರೂ. 18,000 ವರ್ಷದ ನಡುವೆಯೇ ವಜಾ ಆದದ್ದು. ಆಗಲೇ ಬಾಕಿದಾರರ ಖಾತೆಗಳಿಂದ ಕಳೆದುಹೋಗಿದೆ. ರೂ. 9,12,000 ಎಂಬುದು ಅದನ್ನು ಕಳೆದು ಉಳಿದ ಅಂಕಿ. ಅದನ್ನು ಮತ್ತೊಮ್ಮೆ ಕಳೆಯಬಾರದು. ತಾಳೆಪಟ್ಟಿಯ ಹೊರಗಿನ ಹೊಂದಾಣಿಕೆಯಾದ ರೂ. 12,000 ಇನ್ನೂ ಬಾಕಿಯಲ್ಲೇ ಕುಳಿತಿದೆ, ಅದನ್ನು ಕಳೆಯಲೇಬೇಕು. ಉಳಿಯುವುದು ರೂ. 9,00,000. ಮುಳುಗಿತೆಂದು ಒಪ್ಪಿಕೊಂಡ ಸಾಲದ ಮೇಲೆ ಮುಳುಗಬಹುದೆಂಬ ಸಂಶಯಕ್ಕೆ ಅರ್ಥವಿಲ್ಲವಾದ್ದರಿಂದ ಶೇಕಡಾವಾರು ಲೆಕ್ಕ ಯಾವಾಗಲೂ ವಜಾ ಆದ ನಂತರದ ಬಾಕಿಯ ಮೇಲೆಯೇ ನಡೆಯುತ್ತದೆ. ಬೇಕಾದ ಹೊಸ ನಿಧಿ ರೂ. 45,000.

ಎರಡನೆಯ ಪ್ರಶ್ನೆ, ಈ ರೂ. 45,000ವನ್ನು ಪೂರ್ತಿಯಾಗಿ ಈ ವರ್ಷದ ಲಾಭದಿಂದ ತೆಗೆಯಬೇಕೇ? ಹಾಗೆ ತೆಗೆದರೆ ಕಳೆದ ವರ್ಷ ಲಾಭದಿಂದ ತೆಗೆದಿದ್ದ ರೂ. 40,000ವನ್ನು ಮರೆತಂತಾಗುತ್ತದೆ. ಆ ಹಳೆಯ ನಿಧಿಯಲ್ಲಿ ಏನಾಯಿತೆಂದು ಕ್ರಮವಾಗಿ ನೋಡಿದರೆ ಉತ್ತರ ತಾನಾಗಿ ದೊರೆಯುತ್ತದೆ. ವರ್ಷಾರಂಭದಲ್ಲಿ ನಿಧಿಯಲ್ಲಿದ್ದುದು ರೂ. 40,000. ಈ ವರ್ಷ ಮುಳುಗಿದ್ದು ರೂ. 18,000 ಮತ್ತು ರೂ. 12,000, ಒಟ್ಟು ರೂ. 30,000. ಇಂತಹ ನಷ್ಟಕ್ಕೆಂದೇ ನಿಧಿ ಇದ್ದುದರಿಂದ ಅದನ್ನು ನಿಧಿಯಿಂದ ಭರಿಸಿದರೆ ಉಳಿಯುವುದು ರೂ. 10,000. ವರ್ಷಾಂತ್ಯಕ್ಕೆ ಬೇಕಾದದ್ದು ರೂ. 45,000. ಕೊರತೆ ರೂ. 35,000. ಈ ಕೊರತೆಯಷ್ಟೇ ಈ ವರ್ಷದ ಲಾಭ-ನಷ್ಟ ಖಾತೆಗೆ ಬರಬೇಕು.

ಕೆಲವರು ಇದನ್ನೇ ಲಾಭ-ನಷ್ಟ ಖಾತೆಯಲ್ಲಿ ಬೇರೆ ರೀತಿ ಜೋಡಿಸಿ ಬರೆಯುತ್ತಾರೆ: ಮುಳುಗಿದ ಸಾಲ 18,000, ಕೂಡಿಸಿ ಹೊಸದಾಗಿ ಮುಳುಗಿದ್ದು 12,000, ಕೂಡಿಸಿ ಹೊಸ ನಿಧಿ 45,000, ಒಟ್ಟು 75,000, ಅದರಿಂದ ಹಳೆಯ ನಿಧಿ 40,000 ಕಳೆದರೆ 35,000. ದಾರಿ ಬೇರೆಯಾದರೂ ತಲಪುವ ಅಂಕಿ ಒಂದೇ. ಎರಡೂ ದಾರಿಗಳಲ್ಲಿ ಲೆಕ್ಕ ಮಾಡಿ ಉತ್ತರ ಒಂದೇ ಬಂದಿತೇ ಎಂದು ನೋಡುವುದು ಒಳ್ಳೆಯ ತಪಾಸಣೆಯಾಗುತ್ತದೆ. ಅಢಾವೆ ಪತ್ರಿಕೆಯಲ್ಲಿ ಮಾತ್ರ ಹೊಸ ನಿಧಿಯ ಪೂರ್ತಿ ಮೊತ್ತ ಕಳೆಯುತ್ತದೆ: ರೂ. 9,00,000ದಿಂದ ರೂ. 45,000 ಹೋಗಿ ರೂ. 8,55,000. ಕೊರತೆಯ ಅಂಕಿಯನ್ನು ಅಢಾವೆ ಪತ್ರಿಕೆಗೂ, ಪೂರ್ತಿ ಅಂಕಿಯನ್ನು ಲಾಭ-ನಷ್ಟ ಖಾತೆಗೂ ಅದಲು ಬದಲಾಗಿ ಬರೆಯುವುದು ಪದೇ ಪದೇ ಕಂಡುಬರುವ ತಪ್ಪು.

ಮುಳುಗಿತೆಂದು ಬರೆದ ಹಣ ಮರಳಿ ಬಂದರೆ ಯಾರ ಖಾತೆಗೆ ಜಮಾ?

2024ರ ನವೆಂಬರ್‌ನಲ್ಲಿ, ಊರು ಬಿಟ್ಟಿದ್ದ ಹಳೆಯ ಗಿರಾಕಿ ಬೇರೊಂದು ಊರಿನಲ್ಲಿ ಅಂಗಡಿ ತೆರೆದಿರುವುದು ತಿಳಿದುಬರುತ್ತದೆ. ನೋಟ್ ಪುಸ್ತಕದಲ್ಲಿದ್ದ ಬಿಲ್ಲಿನ ವಿವರ ತೋರಿಸಿ ಕೇಳಿದಾಗ ಆತ ರೂ. 15,000ವನ್ನು ಬ್ಯಾಂಕಿಗೆ ಜಮಾ ಮಾಡುತ್ತಾನೆ. ಹಣ ಬಂದದ್ದು ಆತನಿಂದ. ಹಾಗಾಗಿ ಗುಮಾಸ್ತರು ಸಹಜವಾಗಿ ಆತನ ಖಾತೆಗೇ ಜಮಾ ಮಾಡುತ್ತಾರೆ. ಗಣಕಯಂತ್ರದಲ್ಲಿ ರಸೀದಿ ನಮೂದಿಸುವಾಗ ಪಾರ್ಟಿಯ ಹೆಸರು ಆರಿಸುವುದೇ ರೂಢಿಯಾದ್ದರಿಂದ ಈ ತಪ್ಪು ಇನ್ನಷ್ಟು ಸುಲಭವಾಗಿ ನಡೆಯುತ್ತದೆ.

ಆದರೆ ಆತನ ಖಾತೆಯಲ್ಲಿ ಬಾಕಿಯೇ ಇಲ್ಲ. ಅದು 2023ರಲ್ಲೇ ಮುಚ್ಚಿದೆ. ಅಲ್ಲಿಗೆ ರೂ. 15,000 ಜಮಾ ಮಾಡಿದರೆ, ಅಂಗಡಿಯೇ ಆತನಿಗೆ ಹಣ ಕೊಡಬೇಕಾಗಿದೆಯೆಂದು ಪುಸ್ತಕ ಹೇಳತೊಡಗುತ್ತದೆ. ಸರಿಯಾದ ನಮೂದು ಹೀಗಿದೆ:

ಬ್ಯಾಂಕ್ ಖಾತೆ, ಖರ್ಚು ಬದಿ: ರೂ. 15,000
ವಸೂಲಾದ ಮುಳುಗಿದ ಸಾಲ ಖಾತೆ, ಜಮಾ ಬದಿ: ರೂ. 15,000

ವರ್ಷಾಂತ್ಯದಲ್ಲಿ ಈ ಮೊತ್ತ ಲಾಭ-ನಷ್ಟ ಖಾತೆಯ ಜಮಾ ಬದಿಗೆ ಆದಾಯವಾಗಿ ಹೋಗುತ್ತದೆ. ಹಿಂದೆ ನಷ್ಟವೆಂದು ಲಾಭದಿಂದ ಕಳೆದದ್ದು ಇಂದು ಲಾಭಕ್ಕೇ ಮರಳುತ್ತದೆ. ಉಳಿದ ರೂ. 8,600ಕ್ಕೆ ಯಾವ ನಮೂದೂ ಬೇಕಿಲ್ಲ. ಅದು ವಜಾ ಆಗಿಯೇ ಇರುತ್ತದೆ. ಗಿರಾಕಿ ಹಣ ಕೊಟ್ಟ ಸಂಗತಿ ಆತನ ಖಾತೆಯಲ್ಲಿಯೂ ಕಾಣಬೇಕೆಂದು ಬಯಸುವವರು ಎರಡು ಹೆಜ್ಜೆಯಲ್ಲಿ ಬರೆಯಬಹುದು: ಮೊದಲು ಆತನ ಖಾತೆಯನ್ನು ರೂ. 15,000 ಖರ್ಚು ಬರೆದು ವಸೂಲಾದ ಮುಳುಗಿದ ಸಾಲ ಖಾತೆಗೆ ಜಮಾ ಮಾಡುವುದು. ನಂತರ ಬಂದ ಹಣವನ್ನು ಆತನ ಖಾತೆಗೆ ಜಮಾ ಮಾಡುವುದು. ಮುಂದೆ ಆತನಿಗೆ ಮತ್ತೆ ಉದ್ರಿ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸುವಾಗ ಈ ದಾಖಲೆ ಉಪಯೋಗಕ್ಕೆ ಬರುತ್ತದೆ.

ಈಗ ಮೂರನೆಯ ವರ್ಷವನ್ನು ಮುಗಿಸಬಹುದು. 2025ರ ಮಾರ್ಚ್ 31ರಂದು ಬಾಕಿದಾರರು ರೂ. 6,10,000. ಅದರಲ್ಲಿ ರೂ. 10,000 ವಜಾ ಮಾಡಬೇಕು; ಉಳಿದ ರೂ. 6,00,000ಕ್ಕೆ ಶೇ. 5ರಂತೆ ನಿಧಿ ರೂ. 30,000. ಹಳೆಯ ನಿಧಿ ರೂ. 45,000, ಅದರಿಂದ ಈ ವರ್ಷ ಮುಳುಗಿದ ರೂ. 10,000 ಭರಿಸಿದರೆ ಉಳಿಯುವುದು ರೂ. 35,000. ಬೇಕಾದದ್ದು ರೂ. 30,000 ಮಾತ್ರ. ಈ ಬಾರಿ ಕೊರತೆಯಿಲ್ಲ, ರೂ. 5,000 ಹೆಚ್ಚಳವಿದೆ, ಅದು ಲಾಭ-ನಷ್ಟ ಖಾತೆಯ ಜಮಾ ಬದಿಗೆ ಮರಳುತ್ತದೆ. ಬಾಕಿ ಕಡಿಮೆಯಾದಾಗ ನಿಧಿಯೂ ಇಳಿಯುವುದು ಸಹಜ. ಉತ್ತರ ಖರ್ಚು ಬದಿಗೆ ಬರಲಿಲ್ಲವೆಂದು ಗಾಬರಿಯಾಗಬೇಕಿಲ್ಲ. ವಸೂಲಾದ ರೂ. 15,000ವನ್ನು ಮಾತ್ರ ನಿಧಿಯ ಈ ಲೆಕ್ಕದಲ್ಲಿ ಬೆರೆಸದೆ ಪ್ರತ್ಯೇಕವಾಗಿ ತೋರಿಸಬೇಕು.

ಆ ರೂ. 15,000 ತಪ್ಪಾಗಿ ಗಿರಾಕಿಯ ಖಾತೆಗೇ ಜಮಾ ಆಗಿದ್ದರೆ ಏನಾಗುತ್ತಿತ್ತು? ಒಟ್ಟು ಬಾಕಿ ರೂ. 6,10,000ದ ಬದಲು ರೂ. 5,95,000 ಎಂದು ಕಾಣುತ್ತಿತ್ತು. ವಜಾ ಆದ ನಂತರ ರೂ. 5,85,000, ನಿಧಿ ರೂ. 29,250. ರೂ. 15,000 ಆದಾಯ ಕಾಣೆಯಾಗಿ, ನಿಧಿ ರೂ. 750 ಕಡಿಮೆಯಾಗಿ, ಲಾಭ ಒಟ್ಟಾರೆ ರೂ. 14,250ರಷ್ಟು ಕುಗ್ಗುತ್ತಿತ್ತು. ತಾಳೆಪಟ್ಟಿ ಮಾತ್ರ ಸರಿಯಾಗಿಯೇ ತಾಳೆಯಾಗುತ್ತಿತ್ತು, ಏಕೆಂದರೆ ಖರ್ಚು ಮತ್ತು ಜಮಾ ಎರಡೂ ಬದಿಗಳಲ್ಲಿ ಸಮಾನ ಮೊತ್ತ ಬಿದ್ದಿದೆ. ಈ ತಪ್ಪನ್ನು ಹಿಡಿಯುವ ದಾರಿ ಬೇರೆ: ವರ್ಷಾಂತ್ಯದಲ್ಲಿ ಬಾಕಿದಾರರ ಪಟ್ಟಿಯನ್ನು ಹೆಸರುವಾರು ತೆಗೆದು, ಯಾರ ಖಾತೆಯಲ್ಲಿ ಜಮಾ ಶಿಲ್ಕು ಉಳಿದಿದೆಯೆಂದು ನೋಡಬೇಕು. ಜಮಾ ಶಿಲ್ಕು ಇರುವವರಲ್ಲಿ ಕೆಲವರು ಮುಂಗಡ ಕೊಟ್ಟವರಾಗಿರುತ್ತಾರೆ. ಮುಂಗಡವಿಲ್ಲದೆ ಅಲ್ಲಿ ನಿಂತಿರುವ ಹೆಸರನ್ನು ವಜಾ ಮಾಡಿದ ಸಾಲಗಳ ನೋಟ್ ಪುಸ್ತಕದೊಡನೆ ಹೋಲಿಸಿದರೆ ತಪ್ಪು ಹೊರಬೀಳುತ್ತದೆ.

ಶೇಕಡಾ ಐದೇ ಏಕೆ?

ಐದು ಎಂಬುದು ಈ ಅಂಗಡಿಯ ಅಂಕಿ. ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ದರ ಕೊಟ್ಟಿರುತ್ತಾರೆ. ಅಂಗಡಿಯಲ್ಲಿ ಅದನ್ನು ತಾವೇ ಕಂಡುಕೊಳ್ಳಬೇಕು. ಪ್ರತಿ ಮಾರ್ಚ್ 31ರಂದು ಇದ್ದ ಬಾಕಿಯಲ್ಲಿ ನಂತರ ಎಷ್ಟು ಮುಳುಗಿತೆಂದು ಹಿಂದಿನ ಮೂರು ನಾಲ್ಕು ವರ್ಷಗಳ ಪುಸ್ತಕದಿಂದ ತೆಗೆದರೆ ತಮ್ಮದೇ ದರ ತಿಳಿಯುತ್ತದೆ. ದರವನ್ನು ಒಮ್ಮೆ ನಿಶ್ಚಯಿಸಿದ ಮೇಲೆ, ಲಾಭ ಹೆಚ್ಚಾದ ವರ್ಷ ಏರಿಸುವುದು, ಬ್ಯಾಂಕಿಗೆ ಲೆಕ್ಕ ತೋರಿಸಬೇಕಾದ ವರ್ಷ ಇಳಿಸುವುದು ಸಲ್ಲದು. ಅನುಭವ ಬದಲಾದಾಗ ಮಾತ್ರ ದರ ಬದಲಾಗಬೇಕು.

ಒಂದೇ ದರಕ್ಕೆ ಒಂದು ಮಿತಿಯೂ ಇದೆ. ಸಣ್ಣ ಸಣ್ಣ ಬಾಕಿಗಳು ಹಲವರಲ್ಲಿ ಹರಡಿರುವಾಗ ಸರಾಸರಿ ನಿಜಕ್ಕೆ ಸಮೀಪವಿರುತ್ತದೆ. ಆದರೆ ರೂ. 9,00,000 ಬಾಕಿಯಲ್ಲಿ ರೂ. 2,00,000 ಒಬ್ಬನದೇ ಆಗಿದ್ದು, ಒಂದು ವರ್ಷದಿಂದ ಆತ ಸರಕಿನ ಗುಣಮಟ್ಟದ ತಕರಾರು ತೆಗೆದು ಹಣ ತಡೆಹಿಡಿದಿದ್ದರೆ, ಒಟ್ಟಿನ ಮೇಲೆ ತೆಗೆದ ರೂ. 45,000 ಸುಳ್ಳು ಧೈರ್ಯ ಕೊಡುತ್ತದೆ. ಅಂಥ ಬಾಕಿಯನ್ನು ಬೇರ್ಪಡಿಸಿ ಪ್ರತ್ಯೇಕವಾಗಿ ಅಂದಾಜು ಮಾಡಬೇಕು. ಅದರಲ್ಲಿ ಅರ್ಧ ಬಾರದೆಂದು ತೋರಿದರೆ ಅದಕ್ಕೆ ರೂ. 1,00,000, ಉಳಿದ ರೂ. 7,00,000ಕ್ಕೆ ಶೇ. 5ರಂತೆ ರೂ. 35,000, ಒಟ್ಟು ನಿಧಿ ರೂ. 1,35,000. ಬಾಕಿಗಳನ್ನು ಎಷ್ಟು ತಿಂಗಳು ಹಳೆಯವೆಂಬ ಆಧಾರದ ಮೇಲೆ ವಿಂಗಡಿಸಿದ ಪಟ್ಟಿಯೊಂದನ್ನು ತಿಂಗಳಿಗೊಮ್ಮೆ ತೆಗೆಯುವ ಅಭ್ಯಾಸವಿದ್ದರೆ ಇಂತಹ ಬಾಕಿಗಳು ಮಾರ್ಚ್‌ಗೆ ಮೊದಲೇ ಕಣ್ಣಿಗೆ ಬೀಳುತ್ತವೆ.

ತೆರಿಗೆಯಲ್ಲಿ ಈ ಮೂರಕ್ಕೂ ಒಂದೇ ನಿಯಮವೇ?

ಇಲ್ಲ. ಇಲ್ಲಿ ತಪ್ಪಿದರೆ ಕೈಯಿಂದ ಹಣವೇ ಹೋಗುತ್ತದೆ. ಈ ಮೂರು ವರ್ಷಗಳಿಗೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 36(1)(vii)ನೆಯ ಕಲಮಿನಂತೆ, ವ್ಯಾಪಾರದ ಆದಾಯವಾಗಿ ಹಿಂದೆ ಲೆಕ್ಕಕ್ಕೆ ಬಂದಿದ್ದ ಸಾಲವನ್ನು ಪುಸ್ತಕದಲ್ಲಿ ವಜಾ ಮಾಡಿದ ವರ್ಷವೇ ಅದಕ್ಕೆ ಕಡಿತ ದೊರೆಯುತ್ತದೆ. ಸಾಲ ನಿಜವಾಗಿ ಮುಳುಗಿತೆಂದು ರುಜುವಾತುಪಡಿಸುವ ಹೊರೆ 1989ರ ಏಪ್ರಿಲ್ 1ರ ನಂತರ ಇಲ್ಲವೆಂದು, ಪುಸ್ತಕದಲ್ಲಿ ವಜಾ ಮಾಡಿದರೆ ಸಾಕೆಂದು, ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಟಿ.ಆರ್.ಎಫ್. ಲಿಮಿಟೆಡ್ ಪ್ರಕರಣದಲ್ಲಿ ಹೇಳಿದೆ. ಬಾರದ ಸಾಲವನ್ನು ಸಂಕೋಚದಿಂದ ವರ್ಷಗಟ್ಟಲೆ ಪುಸ್ತಕದಲ್ಲಿ ಉಳಿಸಿಕೊಂಡವರು ಬಾರದ ಹಣಕ್ಕೆ ತೆರಿಗೆ ಕಟ್ಟಿ ಸುಮ್ಮನಿದ್ದಂತಾಗುತ್ತದೆ.

ನಿಧಿಗೆ ಈ ಸೌಲಭ್ಯವಿಲ್ಲ. ಬ್ಯಾಂಕು ಮೊದಲಾದ ಹಣಕಾಸು ಸಂಸ್ಥೆಗಳಿಗೆ ಬೇರೆ ನಿಯಮವಿದ್ದರೂ, ವರ್ತಕರು ಅಂದಾಜಿನಿಂದ ಮಾಡಿದ ನಿಧಿ ತೆರಿಗೆಯ ಮಟ್ಟಿಗೆ ಖರ್ಚಲ್ಲ. ಆದ್ದರಿಂದ ಈ ಅಂಗಡಿಗೆ ಮೊದಲ ವರ್ಷ ಕಡಿತ ಸಿಗುವುದು ವಜಾಕ್ಕೆ ಮಾತ್ರ, ನಿಧಿಯ ರೂ. 40,000ವನ್ನು ತೆರಿಗೆ ಲೆಕ್ಕ ಹಾಕುವಾಗ ಲಾಭಕ್ಕೆ ಮರಳಿ ಕೂಡಿಸಬೇಕು. ಎರಡನೆಯ ವರ್ಷ ನಿಧಿ ಹೆಚ್ಚಿದ ರೂ. 5,000ವನ್ನು ಕೂಡಿಸಬೇಕು. ಮೂರನೆಯ ವರ್ಷ ನಿಧಿ ಇಳಿದ ರೂ. 15,000ವನ್ನು ಕಳೆಯಬೇಕು, ಅದಕ್ಕೆ ಹಿಂದೆಯೇ ತೆರಿಗೆ ಕಟ್ಟಲಾಗಿದೆ. ಕೂಡಿಸುವುದನ್ನು ಲೆಕ್ಕಪರಿಶೋಧಕರು ಮರೆಯುವುದಿಲ್ಲ. ಇಳಿದ ವರ್ಷ ಕಳೆಯುವುದನ್ನು ಮಾಲೀಕರು ನೆನಪಿಸಬೇಕಾದೀತು.

ಮರಳಿ ಬಂದ ರೂ. 15,000, ಹಿಂದೆ ಕಡಿತ ದೊರೆತಿದ್ದ ಮಟ್ಟಿಗೆ, 41(4)ನೆಯ ಕಲಮಿನಂತೆ ಬಂದ ವರ್ಷದ ಆದಾಯವಾಗುತ್ತದೆ. ಹಿಂದಿನ ವರ್ಷದ ವಿವರಪಟ್ಟಿಯನ್ನು ತಿದ್ದಬೇಕಿಲ್ಲ. 44ಎಡಿ ಕಲಮಿನಡಿ ವಹಿವಾಟಿನ ಮೇಲೆ ಅಂದಾಜು ಲಾಭ ತೋರಿಸುವವರಿಗೆ ಮುಳುಗಿದ ಸಾಲಕ್ಕೆ ಪ್ರತ್ಯೇಕ ಕಡಿತವಿರುವುದಿಲ್ಲ. 2026ರ ಏಪ್ರಿಲ್ 1ರಿಂದ ಜಾರಿಯೆಂದು ಗೊತ್ತುಪಡಿಸಿದ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ, ಆ ನಂತರದ ಲೆಕ್ಕಗಳಿಗೆ ಹಳೆಯ ಸಂಖ್ಯೆಗಳನ್ನು ಉಲ್ಲೇಖಿಸಬಾರದು.

ಸರಕು ಮತ್ತು ಸೇವಾ ತೆರಿಗೆಯ ವಿಷಯ ಇನ್ನಷ್ಟು ಕಹಿ. ಮುಳುಗಿದ ರೂ. 23,600ರಲ್ಲಿ ಸರಕಿನ ಬೆಲೆ ರೂ. 20,000, ಶೇ. 18ರಂತೆ ತೆರಿಗೆ ರೂ. 3,600 ಎಂದಿಟ್ಟುಕೊಂಡರೆ, ಆ ರೂ. 3,600ವನ್ನು ಅಂಗಡಿ ಆಗಲೇ ಸರ್ಕಾರಕ್ಕೆ ಕಟ್ಟಿದೆ. ಗಿರಾಕಿ ಹಣ ಕೊಡಲಿಲ್ಲವೆಂಬ ಕಾರಣಕ್ಕೆ ಅದನ್ನು ಹಿಂಪಡೆಯಲು ಕಾನೂನಿನಲ್ಲಿ ದಾರಿಯಿಲ್ಲ. ಸರಕು ಹಿಂದಿರುಗಿದಾಗ, ಅದರಲ್ಲಿ ಕೊರತೆಯಿದ್ದಾಗ, ಬಿಲ್ಲಿನಲ್ಲಿ ಹೆಚ್ಚು ಬರೆದಾಗ ಕೊಡುವ ಕ್ರೆಡಿಟ್ ನೋಟನ್ನು ಸಾಲ ಮುಳುಗಿದ್ದಕ್ಕೆ ಬಳಸಬಾರದು. ಆದಾಯ ತೆರಿಗೆಯಲ್ಲಿ ಈ ರೂ. 3,600ಕ್ಕೆ ಕಡಿತ ಕೇಳಬಹುದೇ ಎಂಬುದು, ಮಾರಾಟವನ್ನು ತೆರಿಗೆ ಸೇರಿಸಿ ಲೆಕ್ಕವಿಟ್ಟಿದ್ದಾರೆಯೇ ಸೇರಿಸದೆಯೇ ಎಂಬುದನ್ನು ನೋಡಿ ಲೆಕ್ಕಪರಿಶೋಧಕರು ಹೇಳಬೇಕಾದ ಮಾತು. ವರ್ತಕರ ಕೈಯಲ್ಲಿರುವ ಒಂದು ಸಾಧನವೆಂದರೆ 180 ದಿನಗಳ ನಿಯಮ: ಬಿಲ್ಲಿನ ದಿನಾಂಕದಿಂದ ಅಷ್ಟರೊಳಗೆ ಹಣ ಕೊಡದ ಖರೀದಿದಾರನು ತಾನು ಪಡೆದ ಹೂಡುವಳಿ ತೆರಿಗೆ ಜಮೆಯನ್ನು ಬಡ್ಡಿಸಹಿತ ಹಿಂದಿರುಗಿಸಬೇಕಾಗುತ್ತದೆ. ಐದನೆಯ ತಿಂಗಳಲ್ಲಿ ಕಳುಹಿಸುವ ಜ್ಞಾಪನ ಪತ್ರದಲ್ಲಿ ಇದನ್ನು ಒಂದು ಸಾಲಿನಲ್ಲಿ ತಿಳಿಸುವುದು ಎಷ್ಟೋ ಬಾಕಿಗಳನ್ನು ಕದಲಿಸಬಲ್ಲದು.

ಮೂರು ವರ್ಷಗಳ ಲೆಕ್ಕ ಸರಿಯಿದೆಯೆಂದು ತಿಳಿಯುವುದು ಹೇಗೆ?

ಇದಕ್ಕೆ ಸುಲಭದ ತಪಾಸಣೆಯೊಂದಿದೆ. ಲಾಭ-ನಷ್ಟ ಖಾತೆಗೆ ಮೊದಲ ವರ್ಷ ಹೋದದ್ದು ರೂ. 63,600, ಎರಡನೆಯ ವರ್ಷ ರೂ. 35,000, ಮೂರನೆಯ ವರ್ಷ ಮರಳಿದ್ದು ನಿಧಿಯ ಹೆಚ್ಚಳ ರೂ. 5,000 ಮತ್ತು ವಸೂಲಾದ ರೂ. 15,000. ಹೋದದ್ದರಿಂದ ಮರಳಿದ್ದನ್ನು ಕಳೆದರೆ ಮೂರು ವರ್ಷಗಳ ನಿವ್ವಳ ಹೊರೆ ರೂ. 78,600.

ಇದನ್ನೇ ಇನ್ನೊಂದು ಬದಿಯಿಂದ ನೋಡಬೇಕು. ಮೂರು ವರ್ಷಗಳಲ್ಲಿ ನಿಜವಾಗಿ ವಜಾ ಆದದ್ದು ರೂ. 23,600, ರೂ. 30,000 ಮತ್ತು ರೂ. 10,000, ಒಟ್ಟು ರೂ. 63,600. ಮರಳಿ ಬಂದ ರೂ. 15,000 ಕಳೆದರೆ ರೂ. 48,600. ಇದಕ್ಕೆ ಕೊನೆಯಲ್ಲಿ ಉಳಿದ ನಿಧಿ ರೂ. 30,000 ಸೇರಿಸಿದರೆ ರೂ. 78,600. ಎರಡೂ ಅಂಕಿಗಳು ಕೂಡಿಬಂದವು. ಮೊದಲ ವರ್ಷದ ಆರಂಭದಲ್ಲಿಯೇ ನಿಧಿಯಿದ್ದ ಅಂಗಡಿಯವರು ಅದನ್ನು ಈ ಎರಡನೆಯ ಮೊತ್ತದಿಂದ ಕಳೆಯಬೇಕು.

ಎರಡು ಅಂಕಿಗಳ ನಡುವೆ ವ್ಯತ್ಯಾಸ ಕಂಡರೆ ಆ ವ್ಯತ್ಯಾಸದ ಮೊತ್ತವೇ ತಪ್ಪಿನ ಜಾಡು ತೋರಿಸುತ್ತದೆ. ಅದು ಹಳೆಯ ನಿಧಿಯಷ್ಟೇ ಇದ್ದರೆ ಹಳೆಯ ನಿಧಿಯನ್ನು ಕಳೆಯದೆ ಹೊಸದನ್ನು ಪೂರ್ತಿಯಾಗಿ ಖರ್ಚು ಬರೆಯಲಾಗಿದೆ. ವಸೂಲಾದ ಮೊತ್ತದಷ್ಟೇ ಇದ್ದರೆ ಅದು ಗಿರಾಕಿಯ ಖಾತೆಯಲ್ಲಿ ಸಿಕ್ಕಿಕೊಂಡಿದೆ. ಆದರೆ ಶೇಕಡಾ ದರವನ್ನು ತಪ್ಪು ಬಾಕಿಯ ಮೇಲೆ ಹಾಕಿದ್ದರೆ ನಿಧಿಯ ಅಂಕಿ ಎರಡೂ ಬದಿಯಲ್ಲಿ ಒಂದೇ ಆಗಿ ಬರುವುದರಿಂದ ಈ ತಪಾಸಣೆ ಅದನ್ನು ಹಿಡಿಯಲಾರದು. ಅದಕ್ಕಾಗಿ ಅಢಾವೆ ಪತ್ರಿಕೆಯ ನಿಧಿಯನ್ನು ಅಲ್ಲಿಯೇ ತೋರಿಸಿದ ಬಾಕಿಯಿಂದ ಭಾಗಿಸಿ, ಬಂದ ದರ ತಾವು ನಿಶ್ಚಯಿಸಿದ ದರವೇ ಆಗಿದೆಯೇ ಎಂದು ಪ್ರತಿ ವರ್ಷ ಬೇರೆಯಾಗಿ ನೋಡಿಕೊಳ್ಳಬೇಕು.